ಗೋಡೆ ಮೇಲಿನ ಸರ್ಟಿಫಿಕೇಟು, ಒಲೆ ಮೇಲಿನ ಕುಕ್ಕರು



ಇವತ್ತು ರಾಜಕೀಯ ಬೇಡ. ಒಂದು ಪ್ರೆಶರ್ ಕುಕ್ಕರ್ ವಿಷಯ ಮಾತಾಡೋಣ.

ಶಿರಾ ಕಡೆಯಿಂದ ಒಬ್ಬ ಅಕ್ಕ ನಮ್ಮ ಕಾರ್ಯಕ್ರಮಕ್ಕೆ ಮೆಸೇಜ್ ಮಾಡಿದ್ರು. ಅವರದೊಂದು ಮಹಿಳಾ ಸ್ವಸಹಾಯ ಸಂಘ. ಅರವತ್ತು ಕುಕ್ಕರ್ ಒಟ್ಟಿಗೆ ತರಿಸಿ, ಸದಸ್ಯರಿಗೆ ಕಂತಿನ ಮೇಲೆ ಕೊಡೋಣ ಅಂತ ಅವರ ಯೋಚನೆ. ಒಂದಕ್ಕೆ 900 ರೂಪಾಯಿಯಂತೆ 54,000 ರೂಪಾಯಿ. ಕಂಪನಿಯ ವೆಬ್‌ಸೈಟ್ ನೋಡಿದ್ದಾರೆ. ಮೇಲ್ಗಡೆಯೇ ಚಿನ್ನದ ಬಣ್ಣದ ಮುದ್ರೆ, ಅದರೊಳಗೆ ISO 9001:2015. "ಸರ್, ಐಎಸ್‌ಒ ಇದೆ ಅಂದ್ರೆ ಸಿಡಿಯಲ್ಲ ತಾನೇ?" ಇದು ಅವರ ಪ್ರಶ್ನೆ. ನೇರವಾದ ಪ್ರಶ್ನೆ. ಉತ್ತರವೂ ನೇರವಾಗಿಯೇ ಇದೆ: ಆ ಮುದ್ರೆಗೂ ಕುಕ್ಕರ್ ಸಿಡಿಯೋದಕ್ಕೂ ಸಂಬಂಧ ಇಲ್ಲ. ಮುದ್ರೆ ಅಸಲಿಯಾಗಿದ್ದರೂ ಇಲ್ಲ.

ಯಾಕೆ ಅಂತ ಹೇಳ್ತೀನಿ. ಐಎಸ್‌ಒ ಅನ್ನೋದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿರುವ ಸಂಸ್ಥೆ. ಅದು ಮಾನದಂಡಗಳನ್ನು ಬರೆಯುತ್ತೆ, ಅಷ್ಟೇ. ಯಾವ ಕಂಪನಿಗೂ ಸರ್ಟಿಫಿಕೇಟ್ ಕೊಡೋದಿಲ್ಲ. ತನ್ನ ಲೋಗೋ ಬಳಸೋದಕ್ಕೂ ಕಂಪನಿಗಳಿಗೆ ಬಿಡೋದಿಲ್ಲ. ಹಾಗಾಗಿ ಸರ್ಟಿಫಿಕೇಟಿನ ಮೇಲೆ ಐಎಸ್‌ಒ ಸಂಸ್ಥೆಯದೇ ಲೋಗೋ ಕಂಡರೆ ಅನುಮಾನ ಅಲ್ಲಿಂದಲೇ ಶುರುವಾಗಬೇಕು. ಸರ್ಟಿಫಿಕೇಟ್ ಕೊಡೋರು ಬೇರೆ, ಖಾಸಗಿ ಪ್ರಮಾಣೀಕರಣ ಸಂಸ್ಥೆಗಳು. ಅವರು ಬಂದು ನೋಡೋದು ಕುಕ್ಕರನ್ನಲ್ಲ, ಕಂಪನಿಯ ಕೆಲಸದ ಪದ್ಧತಿಯನ್ನು. ಆರ್ಡರ್ ಹೇಗೆ ಬರೆದುಕೊಳ್ಳುತ್ತೀರಿ, ಕಚ್ಚಾ ಮಾಲು ಬಂದಾಗ ಯಾರು ಪರೀಕ್ಷೆ ಮಾಡ್ತಾರೆ, ದೂರು ಬಂದರೆ ಏನು ಮಾಡ್ತೀರಿ, ಇದಕ್ಕೆಲ್ಲ ದಾಖಲೆ ಎಲ್ಲಿ, ಈ ಥರ. ಒಂದು ಹೋಟೆಲ್‌ನಲ್ಲಿ ದಿನಾ ಒಂದೇ ಅಳತೆ, ಒಂದೇ ಹದ, ಒಂದೇ ತೂಕದ ಇಡ್ಲಿ ಬರುತ್ತೆ ಅಂತ ಇಟ್ಕೊಳ್ಳಿ. ಪದ್ಧತಿ ಅಂದ್ರೆ ಅದು. ಇಡ್ಲಿ ಮೃದುವಾಗಿದೆಯಾ ಅನ್ನೋದನ್ನ ಯಾರಾದರೂ ತಿಂದೇ ಹೇಳಬೇಕು.

ಇದನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ಇಂಜಿನಿಯರಿಂಗ್ ಮುಗಿಸಿ ಈ ಕುರ್ಚಿಗೆ ಬರೋ ಮುಂಚೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಟ್ರೈನಿಯಾಗಿದ್ದೆ. ಮುಂದಿನ ಮಂಗಳವಾರ ಆಡಿಟ್ ಅಂತ ವಾರ ಮೊದಲೇ ಗೊತ್ತಾಗೋದು. ನೆಲಕ್ಕೆ ಹಳದಿ ಪಟ್ಟಿ ಬಳಿಯೋದು, ರಿಜೆಕ್ಟ್ ಆದ ಮಾಲನ್ನ ಹಿಂದಿನ ಶೆಡ್‌ಗೆ ಸಾಗಿಸೋದು, ವರ್ನಿಯರ್‌ಗಳಿಗೆಲ್ಲ ಹೊಸ ಸ್ಟಿಕರ್ ಅಂಟಿಸೋದು. ನನಗೆ ಸಿಕ್ಕ ಕೆಲಸ ಏನು ಗೊತ್ತಾ? ಎರಡು ತಿಂಗಳಿಂದ ಖಾಲಿ ಬಿದ್ದಿದ್ದ ತಪಾಸಣಾ ಹಾಳೆಗಳನ್ನ ಒಂದೇ ರಾತ್ರಿ ತುಂಬೋದು. ಒಂದೇ ಕೈಬರಹ ಅನ್ನಿಸಬಾರದು ಅಂತ ಎರಡು ಬಣ್ಣದ ಪೆನ್ ಕೊಟ್ಟಿದ್ರು. ನಾನು ಬರೆದೆ. ಈಗ ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಬರೆದದ್ದು ನಿಜ.

ಆಡಿಟರ್ ಬಂದರು. ವಯಸ್ಸಾದವರು, ಬಹಳ ಸೂಕ್ಷ್ಮ ಮನುಷ್ಯ. ಹಾಳೆ ತಿರುವಿ ಹಾಕ್ತಾ ಒಂದು ಕಡೆ ನಿಂತು, "ಆಯುಧಪೂಜೆ ದಿನವೂ ಮೆಷಿನ್ ಓಡಿಸಿದ್ರಾ?" ಅಂದ್ರು. ರಜೆಯ ದಿನದ ಕಾಲಮನ್ನೂ ನಾನು ತುಂಬಿಬಿಟ್ಟಿದ್ದೆ! ಅವರು ಅದನ್ನ ಲೋಪ ಅಂತ ಬರೆದುಕೊಂಡರು. ಕಂಪನಿಯವರು ಸರಿಪಡಿಸುತ್ತೇವೆ ಅಂತ ಉತ್ತರ ಬರೆದುಕೊಟ್ಟರು, ಸರ್ಟಿಫಿಕೇಟ್ ಮುಂದುವರಿಯಿತು. ಅವರನ್ನ ನಾನು ದೂರೋದಿಲ್ಲ. ಒಳ್ಳೇ ಆಡಿಟರ್. ಆದರೆ ಅವರೂ ಕೂಡ ನಮ್ಮ ಕಾರ್ಖಾನೆಯ ಒಂದು ಬಿಡಿಭಾಗವನ್ನ ಕೈಗೆತ್ತಿಕೊಂಡು ಅಳೆದು ನೋಡಲಿಲ್ಲ. ಅದು ಅವರ ಕೆಲಸವಾಗಿರಲಿಲ್ಲ.

ಇದು ಪೀಣ್ಯದ ಸಣ್ಣ ಕಥೆ. ದೊಡ್ಡ ಕಥೆ ಫ್ರಾನ್ಸಿನದು. ಪಿಐಪಿ ಅನ್ನೋ ಕಂಪನಿ ಹೆಂಗಸರ ಸ್ತನಕ್ಕೆ ಹಾಕುವ ಸಿಲಿಕೋನ್ ಇಂಪ್ಲಾಂಟ್ ತಯಾರಿಸ್ತಿತ್ತು. ಕಂಪನಿಯ ಗುಣಮಟ್ಟ ಪದ್ಧತಿಯನ್ನ ಆಡಿಟ್ ಮಾಡ್ತಿದ್ದದ್ದು ಜರ್ಮನಿಯ ಟಿಯುವಿ ರೈನ್‌ಲ್ಯಾಂಡ್. ಬೀದಿಬದಿಯ ಹೆಸರಲ್ಲ, ಜಗತ್ತಿನ ದೊಡ್ಡ ಹೆಸರು. ಆಡಿಟ್ ದಿನಾಂಕ ಮೊದಲೇ ಗೊತ್ತಿರ್ತಿತ್ತು. ಆಡಿಟರ್‌ಗಳು ಬರೋ ಹೊತ್ತಿಗೆ ಅಗ್ಗದ, ಅನುಮತಿ ಇಲ್ಲದ ಸಿಲಿಕೋನ್ ಮರೆಯಾಗ್ತಿತ್ತು, ದಾಖಲೆಯಲ್ಲಿ ಎಲ್ಲವೂ ಸರಿಯಾಗಿರ್ತಿತ್ತು. 2010ರಲ್ಲಿ ಫ್ರಾನ್ಸಿನ ಸರ್ಕಾರಿ ತಪಾಸಕರು ಹೋದಾಗ ಬಣ್ಣ ಬಯಲಾಯಿತು. ಅಷ್ಟರಲ್ಲಿ ಆ ಇಂಪ್ಲಾಂಟ್‌ಗಳು ಹಲವು ದೇಶಗಳಲ್ಲಿ ಲಕ್ಷಾಂತರ ಹೆಂಗಸರ ದೇಹದೊಳಗಿದ್ದವು. 2013ರಲ್ಲಿ ಕಂಪನಿಯ ಸ್ಥಾಪಕನಿಗೆ ನಾಲ್ಕು ವರ್ಷ ಜೈಲು ಶಿಕ್ಷೆ ಆಯ್ತು. ಆಡಿಟ್ ಮಾಡಿದವರ ಮೇಲೂ ಮೊಕದ್ದಮೆಗಳು ಹೂಡಲ್ಪಟ್ಟವು. ಅಂಥದ್ದೊಂದರಲ್ಲಿ 2017ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು ಕೇಳಿ: ಹೇಳದೆ ಕೇಳದೆ ದಿಢೀರ್ ತಪಾಸಣೆ ಮಾಡೋದು, ವಸ್ತುವನ್ನೇ ಪರೀಕ್ಷಿಸೋದು ಇವೆಲ್ಲ ಇಂಥ ಸಂಸ್ಥೆಯ ಸಾಮಾನ್ಯ ಕರ್ತವ್ಯ ಅಲ್ಲ, ಆದರೆ ಅನುಮಾನಕ್ಕೆ ಕಾರಣ ಕಣ್ಣಿಗೆ ಬಿದ್ದರೆ ಸುಮ್ಮನಿರುವಂತಿಲ್ಲ. ದೇಹದೊಳಗೆ ಇಡುವ ವಸ್ತುವಿನ ವಿಷಯದಲ್ಲೇ ಈ ಮಾತು!

ಸರಿ, ಶಿರಾಕ್ಕೆ ವಾಪಸ್ ಬರೋಣ. ಅಕ್ಕನಿಗೆ ನಾನು ಹೇಳಿದ್ದು, "ವೆಬ್‌ಸೈಟಿನ ಮುದ್ರೆ ಬಿಡಿ, ಪೂರ್ತಿ ಸರ್ಟಿಫಿಕೇಟ್ ಕೇಳಿ ತರಿಸ್ಕೊಳ್ಳಿ." ಒಂದು ಪಿಡಿಎಫ್ ಬಂತು. ಎಲ್ಲರೂ ಮುದ್ರೆ ನೋಡ್ತಾರೆ. ನೋಡಬೇಕಾದ್ದು ನಡುವೆ ಸಣ್ಣಕ್ಷರದಲ್ಲಿರುವ ಒಂದೇ ಒಂದು ಸಾಲು: ಸ್ಕೋಪ್, ಅಂದ್ರೆ ಈ ಸರ್ಟಿಫಿಕೇಟ್ ಯಾವ ಕೆಲಸಕ್ಕೆ ಕೊಟ್ಟದ್ದು ಅನ್ನೋದು. ಅಲ್ಲಿ ಬರೆದಿದ್ದದ್ದು "ಅಡುಗೆ ಸಾಮಾನುಗಳ ವ್ಯಾಪಾರ". ತಯಾರಿಕೆ ಅಂತ ಇಲ್ಲ. ಅಂದ್ರೆ ಇವರು ಕುಕ್ಕರ್ ಮಾಡೋರೇ ಅಲ್ಲ, ಎಲ್ಲಿಂದಲೋ ತಂದು ಮಾರೋರು. ವಿಳಾಸವೂ ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯದು. ಅಲ್ಲಿ ಅಲ್ಯೂಮಿನಿಯಂ ಒತ್ತುವ ಪ್ರೆಸ್ ಎಲ್ಲಿಂದ ಬರಬೇಕು?

ಇನ್ನು, ಇದನ್ನ ಕೊಟ್ಟೋರು ಯಾರು? ಕೆಳಗೆ ಇಂಗ್ಲಿಷ್ ಹೆಸರಿನ ಒಂದು ಸಂಸ್ಥೆ, ಪಕ್ಕದಲ್ಲಿ ಕ್ಯೂಆರ್ ಕೋಡ್. ಅಕ್ಕ ಸ್ಕ್ಯಾನ್ ಮಾಡಿದ್ರು, ಹಸಿರು ಬಣ್ಣದಲ್ಲಿ "ವ್ಯಾಲಿಡ್" ಅಂತ ಬಂತು, ಖುಷಿಯಾದರು. ನಾನು ಅವರ ಖುಷಿ ಕೆಡಿಸಬೇಕಾಯ್ತು. ಆ ಕೋಡ್ ಕರೆದೊಯ್ದದ್ದು ಸರ್ಟಿಫಿಕೇಟ್ ಕೊಟ್ಟವರದೇ ವೆಬ್‌ಸೈಟಿಗೆ. "ಇದನ್ನ ನಾವೇ ಪ್ರಿಂಟ್ ಮಾಡಿದ್ದು ಹೌದು" ಅಂತ ಅವರೇ ಹೇಳಿದ ಹಾಗಾಯ್ತು. ಅವರಿಗೆ ಪ್ರಿಂಟ್ ಮಾಡುವ ಯೋಗ್ಯತೆ ಇದೆಯಾ ಅನ್ನೋದನ್ನ ಅವರಿಗಿಂತ ಮೇಲಿನವರು ಹೇಳಬೇಕು. ನಮ್ಮ ದೇಶದಲ್ಲಿ ಆ ಮೇಲಿನವರು ಎನ್‌ಎಬಿಸಿಬಿ. ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗ. ಯಾವ್ಯಾವ ಪ್ರಮಾಣೀಕರಣ ಸಂಸ್ಥೆಗೆ ಮಾನ್ಯತೆ ಇದೆ ಅನ್ನೋ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ. ಬ್ರಿಟನ್ನಿನಲ್ಲಿ ಇದೇ ಕೆಲಸ ಯುಕೆಎಎಸ್‌ನದು, ಜರ್ಮನಿಯಲ್ಲಿ ಡಿಎಕೆಕೆಎಸ್. ಇಂಥ ಮಾನ್ಯತೆ ಇರುವವರು ಕೊಟ್ಟ ಸರ್ಟಿಫಿಕೇಟನ್ನ iafcertsearch.org ಅನ್ನೋ ತಾಣದಲ್ಲಿ ಕಂಪನಿ ಹೆಸರು ಹಾಕಿ ಹುಡುಕಬಹುದು. ಅಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ನಕಲಿ ಅಂತ ತೀರ್ಮಾನ ಬೇಡ. ಮಾನ್ಯತೆ ಇರುವ ಆ ಸಂಸ್ಥೆಗೇ ನಂಬರ್ ಕೊಟ್ಟು ಒಂದು ಇಮೇಲ್ ಹಾಕಿ, ಈಗಲೂ ಜಾರಿಯಲ್ಲಿದೆಯಾ ಅಂತ ಕೇಳಿ. ಯಾಕಂದ್ರೆ ಸಾಮಾನ್ಯವಾಗಿ ಸರ್ಟಿಫಿಕೇಟಿನ ಆಯಸ್ಸು ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಮರುತಪಾಸಣೆ. ಅದರಲ್ಲಿ ಫೇಲಾಗಿ ಅಮಾನತಾದರೂ ಕಂಪನಿಯ ವೆಬ್‌ಸೈಟಿನ ಪಿಡಿಎಫ್ ಮಾತ್ರ ಹಾಗೇ ನಗ್ತಾ ಇರುತ್ತೆ.

ಅಕ್ಕನ ಪಿಡಿಎಫ್‌ನಲ್ಲಿದ್ದ ಸಂಸ್ಥೆ ಎನ್‌ಎಬಿಸಿಬಿ ಪಟ್ಟಿಯಲ್ಲಿ ಇರಲಿಲ್ಲ. ಅವರು ಹಾಕಿಕೊಂಡಿದ್ದ ಮಾನ್ಯತೆಯ ಗುರುತು ಇನ್ಯಾವುದೋ "ಬೋರ್ಡ್"ನದು, ಅದೂ ಯಾವ ದೇಶದ ಅಧಿಕೃತ ಮಾನ್ಯತಾ ಸಂಸ್ಥೆಯೂ ಅಲ್ಲ. ಮಾನ್ಯತೆ ಇಲ್ಲದೆ ಸರ್ಟಿಫಿಕೇಟ್ ಕೊಡೋದು ಅಷ್ಟಕ್ಕೇ ಅಪರಾಧ ಆಗೋದಿಲ್ಲ. ಆದರೆ ಅವರ ಕೆಲಸವನ್ನ ಮೇಲೆ ನಿಂತು ನೋಡೋರು ಯಾರೂ ಇಲ್ಲ. "ಮೂರೇ ದಿನದಲ್ಲಿ ಐಎಸ್‌ಒ" ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದು ಇಂಥದ್ದೇ. ಸರಿಯಾದ ಆಡಿಟ್ ಎರಡು ಹಂತದಲ್ಲಿ ನಡೆಯುತ್ತೆ, ಅದಕ್ಕೂ ಮೊದಲು ಕಂಪನಿ ತನ್ನದೇ ಆಂತರಿಕ ಆಡಿಟ್ ಮಾಡಿರಬೇಕು. ಮೂರು ದಿನದಲ್ಲಿ ಮುಗಿಯೋದು ಲ್ಯಾಮಿನೇಷನ್ ಮಾತ್ರ.

ಹಾಗಾದ್ರೆ ಕುಕ್ಕರಿನ ಗತಿ ಏನು? ನಮ್ಮ ದೇಶದಲ್ಲಿ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಕೊಡೋದು ಬಿಐಎಸ್, ಭಾರತೀಯ ಮಾನಕ ಬ್ಯೂರೋ. ಇಲ್ಲಿ ವಸ್ತುವಿನ ಮಾದರಿಯೇ ಪ್ರಯೋಗಾಲಯಕ್ಕೆ ಹೋಗುತ್ತೆ. ಒತ್ತಡ ತಡೆಯುತ್ತಾ, ಸೇಫ್ಟಿ ವಾಲ್ವ್ ಸರಿಯಾದ ಹೊತ್ತಿಗೆ ಬಿಟ್ಟುಕೊಳ್ಳುತ್ತಾ ಅಂತ ನೋಡ್ತಾರೆ. ಗುರುತಿನ ಮೇಲೆ ಮಾನದಂಡದ ನಂಬರ್, ಅಂದ್ರೆ ಕುಕ್ಕರಿಗೆ IS 2347 ಅಂತ ಇರಬೇಕು. ಕೆಳಗೆ CM/L ಅಂತ ಬರೆದು ಲೈಸೆನ್ಸ್ ನಂಬರ್ ಇರಬೇಕು. ಬರೀ ಐಎಸ್‌ಐ ಅಂತ ಒತ್ತಿದ್ದರೆ ಅದು ಅಲಂಕಾರ.

ಅಂಗಡಿಯವರಿಂದ ಎರಡು ಮಾದರಿಯ ಫೋಟೋ ತರಿಸಿದೆವು, ಒಂದು 5 ಲೀಟರಿನದು, ಇನ್ನೊಂದು 10 ಲೀಟರಿನದು. ಅಕ್ಕನ ಮಗಳು ಫೋನಿನಲ್ಲಿ BIS Care ಆ್ಯಪ್ ಹಾಕಿಕೊಂಡು, Verify Licence Details ಒತ್ತಿ, 5 ಲೀಟರಿನ ಕುಕ್ಕರಿನ CM/L ನಂಬರ್ ಹೊಡೆದಳು. ಬಂತು ನೋಡಿ! ಬೇರೆ ರಾಜ್ಯದ ಒಬ್ಬ ತಯಾರಕರ ಹೆಸರು, ವಿಳಾಸ, ವಸ್ತು ಪ್ರೆಶರ್ ಕುಕ್ಕರ್ ಅಂತ, ಲೈಸೆನ್ಸ್ ಚಾಲ್ತಿಯಲ್ಲಿದೆ ಅಂತ. ಕುಕ್ಕರಿನ ಮೇಲಿದ್ದ ಬ್ರ್ಯಾಂಡ್ ಹೆಸರೂ ತಾಳೆಯಾಯ್ತು. ಎಷ್ಟೋ ಸಲ ನಂಬರ್ ಅಸಲಿಯೇ ಇರುತ್ತೆ, ಆದರೆ ಬೇರೆ ಯಾರದ್ದೋ ಇಸ್ತ್ರಿಪೆಟ್ಟಿಗೆಯದ್ದಾಗಿರುತ್ತೆ. ಹಾಗಾಗಿ "ನಂಬರ್ ಇದೆ" ಅಂತ ಅಲ್ಲಿಗೇ ನಿಲ್ಲಿಸದೆ ಹೆಸರು, ವಸ್ತು ಎರಡನ್ನೂ ಓದಬೇಕು.

10 ಲೀಟರಿನದರ ಮೇಲೆ ಐಎಸ್‌ಐ ಚಿಹ್ನೆ ಇತ್ತು, ಕೆಳಗೆ ನಂಬರ್ ಇರಲಿಲ್ಲ. ಕೇಳಿದರೆ ಅಂಗಡಿಯವರು, "ಅದೂ ಅದೇ ಕಂಪನೀದೇ ಮೇಡಂ, ಐಎಸ್‌ಒ ಇದೆಯಲ್ಲ" ಅಂದರಂತೆ.

ಅಲ್ಲಿಗೆ ಚಿತ್ರ ಸ್ಪಷ್ಟ ಆಯ್ತು. ಐಎಸ್‌ಒ ಕಾಗದ ಕೆಲಸಕ್ಕೆ ಬಾರದ್ದು, ಆದರೂ 5 ಲೀಟರಿನ ಕುಕ್ಕರ್ ಸರಿಯಾದ ಲೈಸೆನ್ಸಿನದು. ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರತಿಯೊಂದು ಕುಕ್ಕರೂ ಪರೀಕ್ಷೆಯಾಗಿ ಬಂದಿದೆ ಅಂತಲ್ಲ, ಪರೀಕ್ಷೆ ಆಗೋದು ಮಾದರಿಗಳದು. ಅದನ್ನೂ ಅಕ್ಕನಿಗೆ ಹೇಳಿದೆ.

ಸಂಘದವರು ಶನಿವಾರ ಕೂತು ಮಾತಾಡಿದ್ದಾರೆ. 5 ಲೀಟರಿನವು ನಲವತ್ತೆರಡು, ಪ್ರತಿ ಪೆಟ್ಟಿಗೆ ಬಿಚ್ಚಿ ನಂಬರ್ ನೋಡಿದ ಮೇಲೆ ದುಡ್ಡು ಅನ್ನೋ ಷರತ್ತಿನ ಮೇಲೆ. ದೊಡ್ಡ ಕುಕ್ಕರ್ ಕೇಳಿದ್ದ ಹದಿನೆಂಟು ಜನಕ್ಕೆ ತುಮಕೂರಿನಲ್ಲಿ ಬೇರೆ ಅಂಗಡಿ ನೋಡ್ತಾ ಇದ್ದಾರೆ.