ಕರ್ಪೂರದಂತೆ ಹೋಗುವ ನೀರು

ಹಲಸಿನ ಹಣ್ಣು ಕೊಯ್ದ ದಿನ ಮನೆಯಲ್ಲಾಗುವ ಫಜೀತಿ ನಿಮಗೆಲ್ಲ ಗೊತ್ತೇ ಇದೆ. ಒಂದು ದೊಡ್ಡ ಹಣ್ಣನ್ನು ಒಂದು ಸಂಸಾರ ತಿಂದು ಮುಗಿಸುವುದು ಆಗದ ಮಾತು. ಅಕ್ಕಪಕ್ಕದ ಮನೆಗಳಿಗೆ ಹಂಚಿ, ಕಡುಬು ಮಾಡಿ, ಪಾಯಸ ಮಾಡಿ, ಇನ್ನೂ ಒಂದು ಪಾತ್ರೆ ತೊಳೆ ಮಿಕ್ಕಿರುತ್ತದೆ. ಮರುದಿನ ಸಂಜೆಯ ಹೊತ್ತಿಗೆ ಅದರಿಂದ ಹುಳಿಯ ವಾಸನೆ ಏಳತೊಡಗುತ್ತದೆ. ಒಣಗಿಸಿಡೋಣವೆಂದರೆ, ಹಲಸು ಮಾಗುವ ಕಾಲಕ್ಕೆ ಸರಿಯಾಗಿ ಮಳೆಯೂ ಬಂದು ಕೂಡುತ್ತದೆ. ಬಿಸಿಲು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಬಿಸಿಲಲ್ಲಿ ಒಣಗಿದ ತೊಳೆ ಕಂದುಬಣ್ಣಕ್ಕೆ ತಿರುಗಿ, ಸುರುಟಿಕೊಂಡು, ಚರ್ಮದಂತಾಗುತ್ತದೆ. ಅದನ್ನು ನೀರಿಗೆ ಹಾಕಿದರೆ ಮೆತ್ತಗಾದೀತೇ ಹೊರತು ಮತ್ತೆ ತೊಳೆಯಾಗಲಾರದು.

ಆದರೆ ಈಗ ಕೆಲವು ಅಂಗಡಿಗಳಲ್ಲಿ ಇನ್ನೊಂದು ಬಗೆಯ ಒಣ ಹಣ್ಣು ಸಿಗುತ್ತದೆ. ಬಣ್ಣ ಹಳದಿಯಾಗಿಯೇ ಇರುತ್ತದೆ, ಆಕಾರ ಕೆಟ್ಟಿರುವುದಿಲ್ಲ, ಕೈಯಲ್ಲಿ ಹಿಡಿದರೆ ಬೆಂಡಿನಷ್ಟು ಹಗುರ. ಬಾಯಿಗೆ ಹಾಕಿದರೆ ಗರಿಗರಿಯಾಗಿ ಮುರಿದು ಹಲಸಿನ ಪರಿಮಳ ತುಂಬುತ್ತದೆ. ಇದನ್ನು ಎಣ್ಣೆಯಲ್ಲಿ ಕರಿದಿಲ್ಲ, ಬಿಸಿಲಿಗೆ ಹಾಕಿಲ್ಲ. ಮೊದಲು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿ, ಆಮೇಲೆ ಆ ಮಂಜನ್ನು ನೀರಾಗಲು ಬಿಡದೆ ನೇರವಾಗಿ ಆವಿಯಾಗಿಸಿ ತೆಗೆದಿದ್ದಾರೆ. ಫ್ರೀಜ್ ಡ್ರೈಯಿಂಗ್ ಎಂದು ಇದರ ಹೆಸರು. ಮಂಜುಗಡ್ಡೆ ನೀರಾಗದೆ ಆವಿಯಾಗುವುದೆಂದರೆ ಹೇಗೆ? ಇಂದು ಮಾತನಾಡಬೇಕೆಂದಿರುವುದು ಅದನ್ನೇ.

ದೇವರ ಮನೆಯ ಕರ್ಪೂರದ ಭರಣಿಯನ್ನು ನೆನೆಸಿಕೊಳ್ಳಿ. ಮುಚ್ಚಳ ಸಡಿಲವಾಗಿದ್ದರೆ ಬಿಲ್ಲೆಗಳು ದಿನದಿನಕ್ಕೆ ಸಣ್ಣವಾಗುತ್ತ ಹೋಗುತ್ತವೆ. ಭರಣಿಯ ತಳ ಒದ್ದೆಯಾಗುವುದಿಲ್ಲ. ಕರ್ಪೂರ ಕರಗಲೇ ಇಲ್ಲ, ಗಟ್ಟಿ ರೂಪದಿಂದ ನೇರವಾಗಿ ಗಾಳಿಗೆ ಸೇರಿತು. ಹಾಗಾಗದಿರಲೆಂದು ನಮ್ಮ ಹಿರಿಯರು ಅದರ ಜೊತೆ ನಾಲ್ಕು ಮೆಣಸಿನ ಕಾಳು ಹಾಕಿಡುತ್ತಿದ್ದರು. ಬಿಗಿಯಾದ ಮುಚ್ಚಳದ ಮೇಲೆ ನನಗೆ ಹೆಚ್ಚು ನಂಬಿಕೆ. ಹೀಗೆ ಗಟ್ಟಿ ಪದಾರ್ಥ ದ್ರವವಾಗದೆ ಆವಿಯಾಗುವುದನ್ನು ಉತ್ಪತನ ಎನ್ನುತ್ತಾರೆ. ಮಂಜುಗಡ್ಡೆಗೂ ಈ ಗುಣ ಇದೆ. ಫ್ರಿಜ್ಜಿನ ಮೇಲಿನ ಅರೆಯಲ್ಲಿ ತಿಂಗಳುಗಟ್ಟಲೆ ಮರೆತುಬಿಟ್ಟ ಮಂಜಿನ ತುಂಡುಗಳು ಒಮ್ಮೆಯೂ ಕರಗದೆ ಸವೆದು ಚಿಕ್ಕದಾಗಿರುವುದನ್ನು ನೀವು ನೋಡಿರಬಹುದು. ಅಲ್ಲಿ ತಿಂಗಳುಗಳು ಹಿಡಿಯುವ ಕೆಲಸವನ್ನು ಒಂದು ದಿನದಲ್ಲಿ ಮುಗಿಸುವುದೇ ಕಾರ್ಖಾನೆಯ ಜಾಣತನ.

ಅದಕ್ಕೆ ಬೇಕಾದುದು ಗಾಳಿಯ ಒತ್ತಡವನ್ನು ತಗ್ಗಿಸುವುದು. ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆಯಲ್ಲವೆ? ಒತ್ತಡ ಕಡಮೆಯಾದರೆ ಇದರ ತಿರುಗುಮುರುಗು. ನೀರು ಇನ್ನೂ ಬೇಗ ಕುದಿಯುತ್ತದೆ. ನಮ್ಮ ಸುತ್ತಣ ಗಾಳಿಯ ಒತ್ತಡ, ಸಮುದ್ರಮಟ್ಟದಲ್ಲಿ, ಪಾದರಸದ 760 ಮಿಲಿಮೀಟರು. ಅದನ್ನು ಇಳಿಸುತ್ತ ಇಳಿಸುತ್ತ ಹೋದಂತೆ ನೀರು ಕುದಿಯುವ ಬಿಂದುವೂ ಇಳಿಯುತ್ತ ಬರುತ್ತದೆ. ಒತ್ತಡ 4.58 ಮಿಲಿಮೀಟರಿಗೆ ಬಂದಾಗ ಕುದಿಯುವ ಬಿಂದುವೂ ಮಂಜುಗಟ್ಟುವ ಬಿಂದುವೂ ಒಂದನ್ನೊಂದು ಮುಟ್ಟಿಬಿಡುತ್ತವೆ. ಅದಕ್ಕಿಂತ ಕೆಳಗೆ ಶುದ್ಧ ನೀರಿಗೆ ದ್ರವರೂಪದಲ್ಲಿ ನಿಲ್ಲಲು ಜಾಗವೇ ಇಲ್ಲ. ಮಂಜಾಗಿರಬೇಕು, ಇಲ್ಲವೇ ಆವಿಯಾಗಿರಬೇಕು. ಅಲ್ಲಿ ಮಂಜುಗಡ್ಡೆಗೆ ಶಾಖ ಕೊಟ್ಟರೆ ಅದು ಕರ್ಪೂರದ ದಾರಿಯನ್ನೇ ಹಿಡಿಯುತ್ತದೆ.

ಈಗ ಒಂದು ಕಿಲೋ ಹಲಸಿನ ತೊಳೆಯನ್ನು ತೆಗೆದುಕೊಳ್ಳೋಣ. ಬೀಜ ತೆಗೆದು ಒಂದು ಸೆಂಟಿಮೀಟರಿಗಿಂತ ದಪ್ಪವಾಗದಂತೆ ಸೀಳಿ ತಟ್ಟೆಗಳಲ್ಲಿ ಹರಡಿದ್ದೇವೆ. ಇದರಲ್ಲಿ ಸುಮಾರು 750 ಗ್ರಾಂ ಬರಿಯ ನೀರು. ಉಳಿದ ಕಾಲು ಕಿಲೋ ಸಕ್ಕರೆ, ನಾರು, ಇತ್ಯಾದಿ. ಮೊದಲ ಹಂತ ಹೆಪ್ಪುಗಟ್ಟಿಸುವುದು. ನೀರು ಸೊನ್ನೆ ಡಿಗ್ರಿಗೆ ಮಂಜಾಗುತ್ತದೆಂದು ನಂಬಿ ಅಲ್ಲಿಗೇ ನಿಲ್ಲಿಸಿದರೆ ಕೆಲಸ ಕೆಟ್ಟಿತು. ಹಣ್ಣಿನ ನೀರಿನಲ್ಲಿ ಸಕ್ಕರೆ ಕರಗಿದೆ. ಮೊದಲು ಒಂದಷ್ಟು ನೀರು ಶುದ್ಧ ಮಂಜಿನ ಹರಳಾಗಿ ಬೇರ್ಪಡುತ್ತದೆ. ಉಳಿದ ರಸ ಇನ್ನೂ ಸಿಹಿಯಾಗುತ್ತದೆ, ಆದ್ದರಿಂದ ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಕೇಳುತ್ತದೆ. ಹೀಗೆ ಸಾಗಿ ಕೊನೆಗೆ ಹರಳುಗಳ ನಡುವೆ ಒಂದು ಗಟ್ಟಿ ಪಾಕ ಉಳಿಯುತ್ತದೆ. ಆ ಪಾಕ ಗಾಜಿನಂತೆ ಬಿಗಿದು ನಿಲ್ಲಬೇಕಾದರೆ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ ಹೋಗಬೇಕು.

ಹೆಪ್ಪುಗಟ್ಟಿಸುವ ವೇಗವೂ ಮುಖ್ಯ. ನಿಧಾನವಾಗಿ ತಣಿಸಿದರೆ ಹರಳುಗಳು ದೊಡ್ಡವಾಗಿ ಬೆಳೆದು ಹಣ್ಣಿನ ಸೂಕ್ಷ್ಮ ಕೋಶಗಳನ್ನು ಹರಿದುಹಾಕುತ್ತವೆ. ಬೇಗ ತಣಿಸಿದರೆ ಹರಳು ಸಣ್ಣದು, ಹಾನಿ ಕಡಮೆ. ಆದರೆ ಹರಳು ಹೋದ ಜಾಗವೇ ಮುಂದೆ ಆವಿ ಹೊರಬರುವ ಓಣಿ. ಹರಳು ಸಣ್ಣದಾದರೆ ಓಣಿಯೂ ಸಣ್ಣದು, ಒಣಗುವುದು ತಡ.

ಹೆಪ್ಪುಗಟ್ಟಿದ ತಟ್ಟೆಗಳನ್ನು ಬಿಗಿಯಾಗಿ ಮುಚ್ಚುವ ಉಕ್ಕಿನ ಕೋಣೆಯೊಳಗಿಟ್ಟು, ಒತ್ತಡ ಒಂದು ಮಿಲಿಮೀಟರಿಗಿಂತ ಬಹಳ ಕೆಳಗೆ ಬರುವವರೆಗೆ ಪಂಪಿನಿಂದ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಇಲ್ಲಿ ಒಂದು ತೊಡಕು. ಒಂದು ಮಿಲಿಮೀಟರ್ ಒತ್ತಡದಲ್ಲಿ ಒಂದೇ ಒಂದು ಗ್ರಾಂ ಮಂಜು ಆವಿಯಾದರೆ ಸುಮಾರು ಸಾವಿರ ಲೀಟರ್ ಜಾಗವನ್ನು ತುಂಬುತ್ತದೆ. ನಮ್ಮ ಒಂದು ಕಿಲೋ ಹಣ್ಣಿನ ಆವಿ ಏಳೂವರೆ ಲಕ್ಷ ಲೀಟರ್ ಆಯಿತು! ಇಷ್ಟನ್ನು ನುಂಗುವ ಪಂಪನ್ನು ಎಲ್ಲಿಂದ ತರೋಣ? ಆದ್ದರಿಂದ ಆವಿಯನ್ನು ಪಂಪಿನವರೆಗೆ ಬರಲು ಬಿಡುವುದೇ ಇಲ್ಲ. ದಾರಿಯಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗಿರುವ ಲೋಹದ ಸುರುಳಿಗಳನ್ನು ಇಟ್ಟಿರುತ್ತಾರೆ. ಹಣ್ಣಿನಿಂದ ಹೊರಟ ಆವಿ ಅವುಗಳಿಗೆ ತಾಗಿದೊಡನೆ ಮತ್ತೆ ಮಂಜಾಗಿ ಅಂಟಿಕೊಳ್ಳುತ್ತದೆ. ಹಣ್ಣಿನಲ್ಲಿದ್ದ ಮಂಜು ಸುರುಳಿಗೆ ಸ್ಥಳಾಂತರವಾಯಿತು, ಅಷ್ಟೆ.

ಇನ್ನು ಬೇಕಾದುದು ಶಾಖ. ಚಳಿಯ ಕೋಣೆಯಲ್ಲಿ ಶಾಖವೇಕೆಂದು ನಿಮಗೆ ಅನ್ನಿಸಬಹುದು. ಒಂದು ಗ್ರಾಂ ಮಂಜು ಆವಿಯಾಗಲು ಸುಮಾರು 680 ಕ್ಯಾಲರಿ ಶಾಖ ಹೀರುತ್ತದೆ. ಅದನ್ನು ಕೊಡದಿದ್ದರೆ ಹಣ್ಣು ತಾನೇ ಇನ್ನಷ್ಟು ತಣ್ಣಗಾಗಿ ಆವಿ ಏಳುವುದು ನಿಂತುಹೋಗುತ್ತದೆ. ಆದ್ದರಿಂದ ತಟ್ಟೆಗಳ ಕೆಳಗಿನ ಫಲಕಗಳನ್ನು ಮೆಲ್ಲಗೆ ಕಾಯಿಸುತ್ತಾರೆ. ಇಡೀ ಕೆಲಸದಲ್ಲಿ ಕೈಚಳಕ ಬೇಕಾಗುವುದು ಇಲ್ಲಿಯೇ. ಹಣ್ಣು ಹೊರಗಿನಿಂದ ಒಳಗೆ ಒಣಗುತ್ತ ಹೋಗುತ್ತದೆ, ಮಂಜಿನ ಗಡಿ ಒಳಕ್ಕೆ ಸರಿಯುತ್ತದೆ. ಹೊರಗಿನ ಒಣ ಪದರವೋ, ತೂತು ತೂತಾಗಿ, ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಸಲೀಸಾಗಿ ಸಾಗಿದ ಕೆಲಸ ಆಮೇಲೆ ಕುಂಟುತ್ತದೆ. ಬೇಸತ್ತು ಶಾಖ ಹೆಚ್ಚಿಸಿದಿರೋ, ಒಳಗಿನ ಪಾಕ ಗಾಜಿನ ಬಿಗಿ ಕಳೆದುಕೊಂಡು ಮೆತ್ತಗಾಗಿ, ಓಣಿಗಳು ಕುಸಿದು, ನೊರೆ ಎದ್ದು, ತೊಳೆ ಅಂಟಂಟಾಗಿ ಕುಗ್ಗಿಬಿಡುತ್ತದೆ. ಒಮ್ಮೆ ಕುಸಿದದ್ದನ್ನು ಮತ್ತೆ ಎತ್ತಿ ನಿಲ್ಲಿಸಲಾಗದು. ಜೇನುತುಪ್ಪ, ಜಾಮು ಇಂಥವು ಈ ವಿಧಾನಕ್ಕೆ ಒಗ್ಗದಿರುವುದು ಇದೇ ಕಾರಣಕ್ಕೆ. ಹಲಸಿಗೆ ಅದರ ನಾರಿನ ಆಸರೆ ಇದೆ, ಅದು ಸ್ವಲ್ಪ ತಡೆದುಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಕ್ತದ ಪ್ಲಾಸ್ಮಾವನ್ನು ಹೀಗೆ ಒಣಗಿಸಿ ರಣರಂಗಕ್ಕೆ ಕಳಿಸುತ್ತಿದ್ದರು. ಆಹಾರಕ್ಕೆ ಬಂದಾಗ ಈ ನಿಧಾನವೇ ಅಡ್ಡಿಯಾಯಿತು. 1950ರ ದಶಕದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಬ್ರಿಟಿಷ್ ಸರ್ಕಾರದ ಪ್ರಯೋಗ ಕಾರ್ಖಾನೆಯೊಂದು ಇದಕ್ಕೆ ಸರಳವಾದ ಉಪಾಯ ಕಂಡುಕೊಂಡಿತು. ಬಿಸಿ ಫಲಕಕ್ಕೂ ಆಹಾರಕ್ಕೂ ನಡುವೆ ಲೋಹದ ಜಾಲರಿ ಇಟ್ಟರು. ಜಾಲರಿಯ ಎಳೆಗಳ ಮೂಲಕ ಶಾಖ ಒಳಗೆ ಹೋಯಿತು, ಕಣ್ಣುಗಳ ಮೂಲಕ ಆವಿ ಹೊರಗೆ ಬಂತು.

ಒಣಗಿದ್ದು ಪೂರ್ತಿಯಾಯಿತೆಂದು ತಿಳಿಯುವುದು ಹೇಗೆ? ಮಂಜು ಇರುವವರೆಗೆ ಶಾಖವನ್ನೆಲ್ಲ ಅದೇ ನುಂಗುತ್ತದೆ, ಹಣ್ಣಿನ ನಡುಭಾಗ ತಣ್ಣಗೇ ಇರುತ್ತದೆ. ಮಂಜು ಮುಗಿದಾಗ ಅದು ಬೆಚ್ಚಗಾಗುತ್ತ ಫಲಕದ ಉಷ್ಣತೆಯ ಹತ್ತಿರಕ್ಕೆ ಏರುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. ಕೋಣೆಗೂ ತಣ್ಣನೆಯ ಸುರುಳಿಗಳಿಗೂ ನಡುವಿನ ಕವಾಟವನ್ನು ಸ್ವಲ್ಪ ಹೊತ್ತು ಮುಚ್ಚಿ ನೋಡುತ್ತಾರೆ. ಒತ್ತಡ ಏರಿದರೆ ಒಳಗೆಲ್ಲೋ ಆವಿ ಏಳುತ್ತಿದೆಯೆಂದು ಅರ್ಥ. ಅವಸರದಲ್ಲಿ ತೆಗೆದ ತೊಳೆ ಮೇಲೆ ಗರಿಗರಿಯಾಗಿದ್ದರೂ ಅತಿ ದಪ್ಪನೆಯ ತುಂಡನ್ನು ಮುರಿದರೆ ನಡುವೆ ಗಾಢವಾದ ತಣ್ಣನೆಯ ಚುಕ್ಕೆ ಕಾಣುತ್ತದೆ. ಆ ಒಂದು ಚುಕ್ಕೆಯ ತೇವ ಪೊಟ್ಟಣದಲ್ಲಿರುವ ಇತರ ತುಂಡುಗಳಿಗೂ ಹಬ್ಬುತ್ತದೆ.

ಚೆನ್ನಾಗಿ ಒಣಗಿದ ನಮ್ಮ ಒಂದು ಕಿಲೋ ತೊಳೆ ಈಗ ಸುಮಾರು 260 ಗ್ರಾಂ ತೂಗುತ್ತದೆ, ಆದರೆ ಗಾತ್ರ ಬಹುಮಟ್ಟಿಗೆ ಹಿಂದಿನದೇ. ಬಿಸಿಲಲ್ಲಿ ಒಣಗುವಾಗ ನೀರು ದ್ರವವಾಗಿ ಒಳಗಿನಿಂದ ಮೇಲಕ್ಕೆ ಬರುತ್ತ ಸಕ್ಕರೆಯನ್ನೂ ಉಪ್ಪನ್ನೂ ಹೊತ್ತು ತಂದು ಮೇಲ್ಮೈಯಲ್ಲಿ ಗಟ್ಟಿಕಟ್ಟಿಸುತ್ತದೆ, ಕೋಶಗಳು ಒಂದರ ಮೇಲೊಂದು ಕುಸಿಯುತ್ತವೆ. ಇಲ್ಲಿ ನೀರು ಹರಿಯಲೇ ಇಲ್ಲ, ಎಲ್ಲವೂ ಇದ್ದಲ್ಲೇ ಉಳಿಯಿತು. ಬಣ್ಣ ಕೆಡಿಸುವ ಕಿಣ್ವಗಳಿಗೆ ಆ ಚಳಿಯಲ್ಲಿ ಕೆಲಸ ಮಾಡುವ ಅವಕಾಶ ಬಲು ಕಡಮೆ. ಇನ್ನು ಪರಿಮಳದ ವಿಷಯ ವಿಚಿತ್ರವಾದದ್ದು. ಪರಿಮಳದ ದ್ರವ್ಯಗಳು ನೀರಿಗಿಂತ ಬೇಗ ಹಾರುವಂಥವು. ಅವು ಮೊದಲು ಹೋಗಬೇಕಾಗಿತ್ತು. ಆದರೆ ಅವುಗಳ ಅಣುಗಳು ನೀರಿನ ಅಣುಗಳಿಗಿಂತ ದೊಡ್ಡವು. ಗಟ್ಟಿ ಪಾಕದ ಮೂಲಕ ನೀರು ನುಸುಳಿಕೊಂಡು ಹೋಗುತ್ತದೆ, ಪರಿಮಳದ ಬಹುಭಾಗ ಸಿಕ್ಕಿಕೊಂಡು ಉಳಿಯುತ್ತದೆ.

ತೇವ ನೂರಕ್ಕೆ ಎರಡು ಮೂರು ಪಾಲಿಗೆ ಇಳಿದಿರುವುದರಿಂದ ಬೂಷ್ಟಾಗಲಿ ಬ್ಯಾಕ್ಟೀರಿಯಗಳಾಗಲಿ ಬೆಳೆಯಲಾರವು. ಬೆಳೆಯಲಾರವು ಎಂದೆನೇ ಹೊರತು ಸಾಯುತ್ತವೆ ಎನ್ನಲಿಲ್ಲ. ಮಕ್ಕಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯಲ್ಲಿರುವ ಜೀವಂತ ಬ್ಯಾಕ್ಟೀರಿಯಗಳನ್ನು ಸೀಸೆಯಲ್ಲಿ ಉಳಿಸಿಡುವುದೂ ಇದೇ ವಿಧಾನದಿಂದ. ಲಸಿಕೆಯನ್ನು ಕಾಪಾಡುವ ಉಪಾಯ, ಕೊಳಕು ಕೈಯಿಂದ ಹಣ್ಣಿಗೆ ಅಂಟಿದ ರೋಗಾಣುವನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಆದ್ದರಿಂದ ಒಣಗಿಸುವ ಮುಂಚಿನ ಶುಚಿಯೇ ಇಲ್ಲಿ ಶುಚಿ. ಪೊಟ್ಟಣದ ಪದಾರ್ಥಕ್ಕೆ ನೀರು ಬೆರೆಸಿದ ಮೇಲೆ ಅದು ಹಸಿ ಪದಾರ್ಥವೇ ಸರಿ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿಬಿಡಿ.

ತೂತು ತೂತಾದ ಆ ರಚನೆಗೆ ಇನ್ನೊಂದು ದೌರ್ಬಲ್ಯ. ನೀರನ್ನು ಹೇಗೆ ಬೇಗ ಹೀರುತ್ತದೋ ಗಾಳಿಯ ತೇವವನ್ನೂ ಹಾಗೆಯೇ ಹೀರುತ್ತದೆ. ಮಳೆಗಾಲದಲ್ಲಿ ಪೊಟ್ಟಣ ತೆರೆದಿಟ್ಟು ಮಾತಿಗೆ ಕುಳಿತರೆ ಏಳುವಷ್ಟರಲ್ಲಿ ಗರಿಗರಿ ಹೋಗಿ ಜಿಗುಟಾಗಿರುತ್ತದೆ. ಗಾಳಿಯ ಆಮ್ಲಜನಕ ಒಳಹೊಕ್ಕು ಹಳದಿ ಬಣ್ಣವನ್ನು ಮಾಸಿಸುತ್ತದೆ. ಮಾಂಸದಂಥ ಜಿಡ್ಡಿನ ಪದಾರ್ಥವಾದರೆ ಕಮಟು ವಾಸನೆ ಹುಟ್ಟಿಸುತ್ತದೆ. ಒಳಗೆ ಸಾರಜನಕ ತುಂಬಿ, ಲೋಹದ ತೆಳುಹಾಳೆಯಿರುವ ಪೊಟ್ಟಣದಲ್ಲಿ ಬಿಗಿಯುವುದು ಇದಕ್ಕಾಗಿಯೇ.

ಬೆಲೆ ನೋಡಿ ಹುಬ್ಬೇರಿಸಬೇಡಿ. ತಣಿಸುವುದಕ್ಕೆ ಒಮ್ಮೆ, ಕಾಯಿಸುವುದಕ್ಕೆ ಒಮ್ಮೆ, ಆವಿಯನ್ನು ಮತ್ತೆ ಮಂಜಾಗಿಸುವುದಕ್ಕೆ ಒಮ್ಮೆ, ಹೀಗೆ ಒಂದೇ ನೀರಿಗೆ ಮೂರು ಸಲ ವಿದ್ಯುತ್ತಿನ ದಂಡ ತೆರಬೇಕು. ಬಿಸಿಲು ಪುಕ್ಕಟೆ. ಹಪ್ಪಳ ಸಂಡಿಗೆಗಳಿಗೆ ಈ ವೈಭವ ಬೇಡವೆಂದೇ ನನ್ನ ಅಭಿಪ್ರಾಯ. ಪರಿಮಳಕ್ಕೂ ಬಣ್ಣಕ್ಕೂ ಬೆಲೆಯಿರುವ ಕಡೆ ಮಾತ್ರ ಇದು ತೂಗುತ್ತದೆ. ನೆನೆಸಿದ ತೊಳೆ ಆಗ ತಾನೇ ಬಿಡಿಸಿದ್ದರಂತೆ ಹಲ್ಲಿಗೆ ಸಿಕ್ಕುವುದಿಲ್ಲ, ಮಂಜಿನ ಹರಳು ಹರಿದ ಕೋಶಗಳು ಮತ್ತೆ ಕೂಡಿಕೊಳ್ಳವು, ಕೊಂಚ ಮೆತ್ತಗೇ ಇರುತ್ತದೆ. ಆದರೆ ಕೈಯಲ್ಲೇ ಪುಡಿಮಾಡಿ ಕುದಿಯಿಳಿದ ಪಾಯಸಕ್ಕೆ ಉದುರಿಸಿ ನೋಡಿ. ಕಾರ್ತಿಕದ ಚಳಿಯಲ್ಲೂ ಅಡುಗೆಮನೆಯಲ್ಲಿ ಹಲಸು ಕೊಯ್ದ ವಾಸನೆ ಬರುತ್ತದೆ.