ಕೈ ಕೊಡುವ ದುಡಿಮೆ

ಪರದೆಯ ಮೇಲೆ ಕಾಣುತ್ತಿರುವುದು ಹನೂರಿನ ಕಡೆ ಮೊಬೈಲಿನಲ್ಲಿ ತೆಗೆದ ಒಂದು ತಮಿಳು ಪೋಸ್ಟರಿನ ಫೋಟೊ. ಇಲ್ಲಿ ತಮಿಳು ಹೊಸದೇನಲ್ಲ. 1956ರವರೆಗೆ ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು.

ಮೊದಲ ಸಾಲು ನೋಡಿ: 'ಉಳೈಪ್ಪು ಕೈ ಕೊಡುಕ್ಕುಂ'. ಉಳೈಪ್ಪು ಅಂದರೆ ದುಡಿಮೆ. ಪದಕ್ಕೆ ಪದ ಇಟ್ಟರೆ 'ದುಡಿಮೆ ಕೈ ಕೊಡುತ್ತದೆ' ಎಂದಾಗುತ್ತದೆ. ನೀವು ನಕ್ಕಿರಿ, ಏಕೆಂದರೆ ನಮ್ಮಲ್ಲಿ ಕೈ ಕೊಡುವವನು ನಡುದಾರಿಯಲ್ಲಿ ಬಿಟ್ಟು ಹೋಗುವವನು. ತಮಿಳಿನಲ್ಲಿ ಕೈ ಕೊಡುವವನು ನೆರವಿಗೆ ಬರುವವನು. ಎರಡೂ ಭಾಷೆಯಲ್ಲಿ ಅದೇ ಕೈ, ಅದೇ ಕೊಡು. ಅರ್ಥ ಮಾತ್ರ ತಿರುಗುಮುರುಗು. ನೆಂಟ ಭಾಷೆಯಿಂದ ತರುವಾಗ ಅಪಾಯ ಇರುವುದೇ ಇಲ್ಲಿ: ಗುರುತಿನ ಪದ ಕಂಡೊಡನೆ ಅನುಮಾನ ಪಡುವುದನ್ನೇ ಮರೆಯುತ್ತೇವೆ. ಕನ್ನಡದಲ್ಲಿ 'ದುಡಿಮೆ ಕೈ ಹಿಡಿಯುತ್ತದೆ' ಅನ್ನಬೇಕು.

ಅದಕ್ಕೂ ಮೊದಲು ಓದುವ ಕಷ್ಟವೊಂದಿದೆ. ತಮಿಳಿನ 'ಕೊ' ಅಕ್ಷರಕ್ಕೆ ಎಡಕ್ಕೊಂದು, ಬಲಕ್ಕೊಂದು ಗುರುತು. ಬಲಗಡೆಯದು ಕಾಗದದ ಮಡಿಕೆಯಲ್ಲಿ ಹೋದರೆ ಅದು 'ಕೆ' ಆಗಿ, ಕೊಡುಕ್ಕುಂ ಹೋಗಿ ಕೆಡುಕ್ಕುಂ ಉಳಿಯುತ್ತದೆ, ಅಂದರೆ ಕೆಡಿಸುತ್ತದೆ! ಫೋಟೊ ಹಿಗ್ಗಿಸಿ, ಅಕ್ಷರಗಳ ನಡುವೆ ಅತಿಯಾದ ಖಾಲಿ ಜಾಗ ಇದೆಯೇ ನೋಡಬೇಕು. ಇದ್ದರೆ ಅಲ್ಲೇನೋ ಅಳಿಸಿದೆ.

ಎರಡನೆಯ ಸಾಲು ಸುಲಭ. ಕಡಲಲ್ಲಿ ಕರಗಿಸಿದ ಇಂಗು ಎನ್ನುತ್ತದೆ ತಮಿಳು. ಹಾಕಿದ್ದು ಎಲ್ಲಿ ಹೋಯಿತೋ ತಿಳಿಯದಾದಾಗ ಆಡುವ ಮಾತು. ನಮ್ಮ ಅಜ್ಜಿಯರು ಅದೇ ಹೊತ್ತಿಗೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎನ್ನುತ್ತಾರೆ. ಇಂಗು ಹೋಗಿ ಹುಣಸೆ ಬಂದರೆ ನಷ್ಟವೇನಿಲ್ಲ.

ಮೂರನೆಯದು ತಿಣುಕಿಸುತ್ತದೆ: 'ಇಕ್ಕರೈಕ್ಕು ಅಕ್ಕರೈ ಪಚ್ಚೈ', ಈ ದಡಕ್ಕೆ ಆ ದಡ ಹಸಿರು. ತಟ್ಟನೆ ನೆನಪಾಗುವುದು ದೂರದ ಬೆಟ್ಟ ನುಣ್ಣಗೆ. ಇದ್ದುದನ್ನು ಬಿಟ್ಟು ಇನ್ನೊಂದಕ್ಕೆ ಆಸೆಪಡುವವನಿಗೆ ಎರಡನ್ನೂ ಹೇಳಬಹುದು. ಆದರೆ ಬೆಟ್ಟದ ಗಾದೆಯ ಒತ್ತು ಹತ್ತಿರ ಹೋದರೆ ಕಾಣುವ ಕಲ್ಲುಮುಳ್ಳಿನ ಮೇಲೆ. ದಡದ ಗಾದೆಯದು ನಿಂತವನ ಅತೃಪ್ತಿಯ ಮೇಲೆ. ಅಷ್ಟು ವ್ಯತ್ಯಾಸವನ್ನು ನಾನು ನುಂಗಿಕೊಳ್ಳುತ್ತಿದ್ದೆ. ತೊಡಕು ಚಿತ್ರದ್ದು. ಪೋಸ್ಟರಿನಲ್ಲಿ ಹೊಳೆಯಿದೆ, ಆಚೆ ಹಸಿರಿದೆ; ಹೊಗೇನಕಲ್ಲಿನಲ್ಲಿ ಕಾವೇರಿಯ ಈಚೆ ನಿಂತು ತಮಿಳುನಾಡಿನ ದಡ ನೋಡಿದವರಿಗೆ ವಿವರಣೆಯೇ ಬೇಡ. ಅದರ ಕೆಳಗೆ ಬೆಟ್ಟ ಎಂದು ಬರೆದರೆ ಓದುವವನು ಬೆಟ್ಟ ಹುಡುಕುತ್ತಾನೆ. ಹಾಗಾಗಿ ಇಲ್ಲಿ ಸಿದ್ಧ ಗಾದೆಯ ಆಸೆ ಬಿಟ್ಟು, 'ಯಾವಾಗಲೂ ಆಚೆ ದಡವೇ ಹಸಿರು' ಎಂದು ಬರೆದಿದ್ದೇನೆ. ಚಿತ್ರವಿಲ್ಲದ ಬರೀ ಮಾತಾದರೆ ಬೆಟ್ಟವೇ ಇರಲಿ.