ರೋಗಿಯ ರಕ್ತದಲ್ಲೇ ಸಿದ್ಧವಾಗುವ ಮದ್ದು

(ಶತಮಾನೋತ್ಸವದ ಉಪನ್ಯಾಸ ಕಾರ್ಯಕ್ರಮದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಪಠ್ಯ)



ರಕ್ತರೋಗಗಳ ವೈದ್ಯನಾದ ನನ್ನನ್ನು ಈ ವೇದಿಕೆಗೆ ಕರೆದಾಗ, ಸಮಿತಿಯವರು ತಮ್ಮ ಪತ್ರದೊಡನೆ ಪೋಷಕರೊಬ್ಬರ ಪ್ರಶ್ನೆಯನ್ನೂ ಕಳುಹಿಸಿದ್ದರು. ‘ರಕ್ತದ ಕ್ಯಾನ್ಸರಿಗೆ ರೋಗಿಯ ರಕ್ತದಿಂದಲೇ ಔಷಧ ತಯಾರಿಸುತ್ತಾರಂತೆ, ಹೌದೆ? ಹೌದಾದರೆ ಆ ರಕ್ತ ಮೊದಲೇ ಏಕೆ ಸುಮ್ಮನಿತ್ತು?’ ಎಂಬುದೇ ಆ ಪ್ರಶ್ನೆ. ಮೊದಲರ್ಧಕ್ಕೆ ಹೌದು ಎಂದರೆ ಸಾಕು. ಎರಡನೆಯ ಅರ್ಧ ಮಾತ್ರ ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ್ದು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮ ಬಿಳಿ ರಕ್ತಕಣಗಳಲ್ಲಿ ಟಿ ಕಣಗಳು ಎಂಬ ಒಂದು ವರ್ಗವಿದೆ. ವೈರಸ್ ಹೊಕ್ಕ ಜೀವಕೋಶವನ್ನು ಗುರುತಿಸಿ ಕೊಲ್ಲುವುದು ಇವುಗಳ ಕಸುಬು. ಬಿ ಕಣಗಳು ಎಂಬ ಇನ್ನೊಂದು ವರ್ಗವು ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಹುಪಾಲು ಈ ಬಿ ಕಣಗಳ ರೋಗ. ಅಸ್ಥಿಮಜ್ಜೆಯಲ್ಲಿ ಇನ್ನೂ ಬಲಿಯದ ಬಿ ಕಣವೊಂದು ಹಾದಿ ತಪ್ಪಿ, ಬೆಳೆದು ದೊಡ್ಡದಾಗದೆ, ಕೇವಲ ಸಂಖ್ಯೆಯಲ್ಲಿ ಹೆಚ್ಚುತ್ತ ಹೋಗುತ್ತದೆ. ಟಿ ಕಣವು ಇದನ್ನು ನೋಡಿಯೂ ಸುಮ್ಮನಿರಲು ಕಾರಣ ಸರಳ: ಅದು ಹೊರಗಿನಿಂದ ಬಂದ ಶತ್ರುವಲ್ಲ, ಮನೆಯಲ್ಲೇ ಹುಟ್ಟಿದ ಕಣ. ಮನೆಯವರನ್ನು ಮುಟ್ಟಬಾರದೆಂಬ ಕಟ್ಟುಪಾಡನ್ನು ಟಿ ಕಣಗಳು ಎಳವೆಯಲ್ಲೇ ಕಲಿತಿರುತ್ತವೆ. ಆ ಪಾಠ ತಪ್ಪಿದರೆ ದೇಹವೇ ದೇಹದ ಮೇಲೆ ಬೀಳುತ್ತದೆ.

ಹಾಗಾದರೆ ಟಿ ಕಣಕ್ಕೆ ಹೊಸದೊಂದು ಗುರುತನ್ನು ಕಲಿಸಬಹುದೆ? 1980ರ ದಶಕದ ಕೊನೆಯಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಹಾರ್ ಒಂದು ಜೋಡಣೆಯನ್ನು ಮಾಡಿ ತೋರಿಸಿದರು. ಪ್ರತಿಕಾಯದ ಗುರುತು ಹಿಡಿಯುವ ತುದಿಯನ್ನು ತೆಗೆದು, ಟಿ ಕಣದ ಒಳಗೆ ಕೊಲ್ಲುವ ಆಜ್ಞೆ ಹೊರಡಿಸುವ ಭಾಗಕ್ಕೆ ಹೊಂದಿಸುವುದೇ ಆ ಜೋಡಣೆ. ಹೀಗೆ ಹುಟ್ಟಿದ ಗ್ರಾಹಕಕ್ಕೆ ‘ಕೈಮೆರಿಕ್’ ಎಂಬ ವಿಶೇಷಣ ಬಂದಿದೆ. ಕೈಮೆರಾ ಎಂದರೆ ಗ್ರೀಕರ ಪುರಾಣದಲ್ಲಿ ಸಿಂಹ, ಆಡು, ಹಾವು ಮೂರೂ ಕೂಡಿದ ಪ್ರಾಣಿ. ನಮ್ಮ ದೇವಾಲಯಗಳ ಕಂಬಗಳ ಮೇಲೆ ಸಿಂಹದ ಮೈಗೆ ಆನೆಯ ಸೊಂಡಿಲು ಹೊತ್ತು ನಿಂತ ಯಾಳಿಯನ್ನು ಕಂಡವರಿಗೆ ಈ ಹೆಸರು ಅಪರಿಚಿತವೆನಿಸಲಾರದು. ಮೊದಲ ಯಾಳಿಗಳು ಗುರುತು ಹಿಡಿದವು, ಕೊಂದವು, ಆದರೆ ಬೇಗನೆ ದಣಿದು ಸತ್ತವು. ಕೊಲ್ಲುವ ಆಜ್ಞೆಯ ಜೊತೆಗೆ ‘ಬದುಕಿರು, ಮರಿಹಾಕು’ ಎಂಬ ಎರಡನೆಯ ಆಜ್ಞೆಯನ್ನೂ ಒಳಭಾಗದಲ್ಲಿ ಸೇರಿಸಿದ ಮೇಲೆಯೇ ಈ ಕಣಗಳು ರೋಗಿಯ ದೇಹದಲ್ಲಿ ಬಾಳತೊಡಗಿದವು. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯ ತಿರುವು ಈ ಎರಡನೆಯ ಆಜ್ಞೆಯಲ್ಲಿದೆ.

ಗುರಿಯನ್ನೂ ಆರಿಸಬೇಕಿತ್ತು. ಬಿ ಕಣಗಳ ಮೈಮೇಲೆ ಸಿಡಿ19 ಎಂಬ ಪ್ರೋಟೀನು ಇರುತ್ತದೆ. ಲ್ಯುಕೇಮಿಯಾದ ಬಿ ಕಣಗಳ ಮೇಲೂ ಅದು ಇರುತ್ತದೆ, ಆರೋಗ್ಯವಂತ ಬಿ ಕಣಗಳ ಮೇಲೂ ಇರುತ್ತದೆ. ಅಂದರೆ ಸಿಡಿ19ಕ್ಕೆ ಗುರಿಯಿಟ್ಟರೆ ಒಳ್ಳೆಯ ಬಿ ಕಣಗಳೂ ಸಾಯುತ್ತವೆ. ಆದರೂ ಅದನ್ನೇ ಆರಿಸಿದ್ದೇಕೆಂದರೆ, ಬಿ ಕಣಗಳಿಲ್ಲದೆ ಮನುಷ್ಯ ಬದುಕಬಲ್ಲ. ಅವು ಕೊಡುತ್ತಿದ್ದ ಪ್ರತಿಕಾಯಗಳನ್ನು ತಿಂಗಳಿಗೊಮ್ಮೆ ನರಕ್ಕೆ ಏರಿಸಬಹುದು. ಹೃದಯಕ್ಕೋ ಶ್ವಾಸಕೋಶಕ್ಕೋ ಹೀಗೆ ಬದಲಿ ವ್ಯವಸ್ಥೆ ಇಲ್ಲ. ಈ ಚಿಕಿತ್ಸೆ ರಕ್ತದ ಕ್ಯಾನ್ಸರಿನಲ್ಲಿ ಗೆದ್ದಷ್ಟು ಗಡ್ಡೆಯ ಕ್ಯಾನ್ಸರುಗಳಲ್ಲಿ ಗೆಲ್ಲದಿರಲು ಇದೂ ಒಂದು ಕಾರಣ.

ಇನ್ನು ತಯಾರಿಕೆ. ರೋಗಿಯ ರಕ್ತವನ್ನು ಒಂದು ಯಂತ್ರದ ಮೂಲಕ ಕೆಲವು ಗಂಟೆ ಹರಿಸಿ, ಬಿಳಿ ಕಣಗಳನ್ನು ತೆಗೆದಿಟ್ಟುಕೊಂಡು ಉಳಿದುದನ್ನು ಹಿಂದಿರುಗಿಸುತ್ತಾರೆ. ಪ್ರಯೋಗಶಾಲೆಯಲ್ಲಿ ಟಿ ಕಣಗಳನ್ನು ಎಚ್ಚರಿಸಿ, ಹೊಸ ಗ್ರಾಹಕದ ವಂಶವಾಹಿಯನ್ನು ಅವುಗಳಿಗೆ ದಾಟಿಸುತ್ತಾರೆ. ದಾಟಿಸುವ ವಾಹನ ಒಂದು ವೈರಸ್ಸು, ಅದೂ ಏಡ್ಸ್ ತರುವ ವೈರಸ್ಸಿನ ಕುಲದ್ದು. ಅದರ ರೋಗ ತರುವ, ಮರಿಹಾಕುವ ಭಾಗಗಳನ್ನೆಲ್ಲ ಕಳಚಿ, ಕಣದ ವರ್ಣತಂತುವಿಗೆ ವಂಶವಾಹಿಯನ್ನು ಹೊಲಿದು ಸೇರಿಸುವ ಕೌಶಲವನ್ನು ಮಾತ್ರ ಉಳಿಸಿಕೊಂಡಿರುತ್ತಾರೆ. ಹೊಲಿಗೆ ಬಿದ್ದ ಮೇಲೆ ಆ ಕಣದ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ಗ್ರಾಹಕವನ್ನು ಹೊತ್ತೇ ಹುಟ್ಟುತ್ತವೆ. ಬೆಳೆಸಿದ ಕಣಗಳನ್ನು ಪರೀಕ್ಷಿಸಿ, ಹೆಪ್ಪುಗಟ್ಟಿಸಿ ಆಸ್ಪತ್ರೆಗೆ ಕಳುಹಿಸುತ್ತಾರೆ. ಇಷ್ಟಕ್ಕೆ ಹಲವು ವಾರ ಬೇಕು.

ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಮೊದಲು ಅನುಮೋದನೆ ಪಡೆದ ಇಂಥ ಔಷಧದ ಪ್ರಮಾಣದಂತೆ, 20 ಕಿಲೋ ತೂಕದ ಮಗುವಿಗೆ ಕೊಡುವ ಕಣಗಳು 40 ಲಕ್ಷದಿಂದ 10 ಕೋಟಿ. ತುಂಬಿಕೊಂಡ ಲ್ಯುಕೇಮಿಯಾದ ಕಣಗಳಾದರೋ ಲಕ್ಷ ಕೋಟಿಯ ಮಾತು. ಒಂದು ಒಂದನ್ನು ಕೊಂದು ತಾನೂ ಸತ್ತರೆ ಈ ಯುದ್ಧ ಮೊದಲ ದಿನವೇ ಮುಗಿಯಬೇಕು. ಆದರೆ ಇವು ಜೀವಂತ ಕಣಗಳು. ಶತ್ರುವನ್ನು ಕಂಡಷ್ಟೂ ಹೆಚ್ಚುತ್ತವೆ, ಒಂದೊಂದೂ ಅನೇಕವನ್ನು ಕೊಲ್ಲುತ್ತವೆ. ಮಾತ್ರೆಯಾದರೆ ನುಂಗಿದ ಗಳಿಗೆಯಿಂದ ದೇಹದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ. ಈ ಮದ್ದು ಕೊಟ್ಟ ಮೇಲೆ ಹೆಚ್ಚುತ್ತ ಹೋಗುತ್ತದೆ. ಅದರ ಶಕ್ತಿಯೂ ಅಪಾಯವೂ ಇದೇ.

ಈ ಅಪಾಯವನ್ನು ಲೋಕ ಅರಿತದ್ದು ಎಮಿಲಿ ವೈಟ್‌ಹೆಡ್ ಎಂಬ ಬಾಲಕಿಯಿಂದ. ಅವಳಿಗೆ ಐದನೆಯ ವಯಸ್ಸಿನಲ್ಲಿ ಲ್ಯುಕೇಮಿಯಾ ಬಂತು. ಕೀಮೋಥೆರಪಿಯ ನಂತರ ಎರಡು ಬಾರಿ ಮರಳಿತು. ಬೇರೆ ದಾರಿ ಉಳಿಯದಿದ್ದಾಗ, 2012ರ ಏಪ್ರಿಲಿನಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಸ್ಟೀಫನ್ ಗ್ರಪ್ ಅವರ ತಂಡವು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡಾ. ಕಾರ್ಲ್ ಜೂನ್ ಅವರ ತಂಡ ಸಿದ್ಧಪಡಿಸಿದ ಅವಳದೇ ಕಣಗಳನ್ನು ಅವಳಿಗೆ ಏರಿಸಿತು. ಈ ಚಿಕಿತ್ಸೆ ಪಡೆದ ಮೊದಲ ಮಗು ಅವಳು. ಆಗ ಅವಳ ವಯಸ್ಸು ಆರು.

ಕೆಲವೇ ದಿನಗಳಲ್ಲಿ ಜ್ವರ 105 ಡಿಗ್ರಿಯ ಆಸುಪಾಸಿಗೆ ಏರಿತು. ರಕ್ತದೊತ್ತಡ ಕುಸಿಯಿತು, ಉಸಿರಾಟಕ್ಕೆ ಯಂತ್ರ ಬೇಕಾಯಿತು. ಸೋಂಕಿರಬಹುದೆಂದು ಹುಡುಕಿದರೆ ಸೋಂಕು ಸಿಗಲಿಲ್ಲ. ಮಗು ರಾತ್ರಿ ಕಳೆಯುವುದು ಅನುಮಾನವೆಂದು ವೈದ್ಯರು ಭಾವಿಸಿದ್ದರು. ಆಗ ಅವಳ ರಕ್ತದ ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಸಂಕೇತದ್ರವ್ಯ ಮಿತಿಮೀರಿ ಏರಿರುವುದು ಕಂಡಿತು. ಕಣಗಳು ಸೋತಿರಲಿಲ್ಲ. ಅವು ಗೆಲ್ಲುತ್ತಿದ್ದ ರಭಸಕ್ಕೆ ದೇಹದ ರಕ್ಷಣಾ ವ್ಯವಸ್ಥೆಯೆಲ್ಲ ಒಮ್ಮೆಲೇ ಕೂಗೆಬ್ಬಿಸಿ, ಆ ಕೂಗೇ ಮಗುವನ್ನು ಕೊಲ್ಲುತ್ತಿತ್ತು. ಡಾ. ಜೂನ್ ಅವರ ಮಗಳಿಗೆ ಎಳೆಯ ವಯಸ್ಸಿನ ಸಂಧಿವಾತವಿತ್ತು. ಆ ಕಾರಣದಿಂದ ಇಂಟರ್‌ಲ್ಯೂಕಿನ್-6ರ ಕೆಲಸವನ್ನು ತಡೆಯುವ ಟೋಸಿಲಿಜುಮ್ಯಾಬ್ ಎಂಬ ಸಂಧಿವಾತದ ಔಷಧದ ಬಗ್ಗೆ ಅವರಿಗೆ ತಿಳಿದಿತ್ತು. ಲ್ಯುಕೇಮಿಯಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯತೊಡಗಿತು. ಎಮಿಲಿ ಕಣ್ಣು ತೆರೆದ ದಿನ ಅವಳ ಏಳನೆಯ ಹುಟ್ಟುಹಬ್ಬವಾಗಿತ್ತು. ಅದೇ ಮೇ ತಿಂಗಳಲ್ಲಿ ನಡೆಸಿದ ಅಸ್ಥಿಮಜ್ಜೆಯ ಪರೀಕ್ಷೆಯಲ್ಲಿ ಲ್ಯುಕೇಮಿಯಾ ಕಾಣಲಿಲ್ಲ. ಹತ್ತು ವರ್ಷ ದಾಟಿದರೂ ಅದು ಹಿಂತಿರುಗಿಲ್ಲ.

ಈಗ ಆ ಔಷಧವನ್ನು ಸಿದ್ಧವಾಗಿಟ್ಟುಕೊಂಡೇ ಕಣಗಳನ್ನು ಏರಿಸುತ್ತೇವೆ. ಜ್ವರದ ಜೊತೆಗೆ ಮೆದುಳಿನ ಮೇಲಾಗುವ ಪರಿಣಾಮವನ್ನೂ ಕಾಯುತ್ತೇವೆ. ಅದಕ್ಕೆ ಬಳಸುವ ಪರೀಕ್ಷೆ ಕೇಳಿದರೆ ಇಲ್ಲಿನ ಗುರುಗಳಿಗೆ ಸಂತೋಷವಾದೀತು. ದೊಡ್ಡ ವಯಸ್ಸಿನ ರೋಗಿಗೆ ದಿನವೂ ಒಂದು ವಾಕ್ಯ ಬರೆಯಲು ಹೇಳುತ್ತೇವೆ. ನೂರರಿಂದ ಹತ್ತು ಹತ್ತಾಗಿ ಹಿಂದಕ್ಕೆ ಎಣಿಸಲು ಹೇಳುತ್ತೇವೆ. ನಿನ್ನೆ ಗೆರೆಯ ಮೇಲಿದ್ದ ಅಕ್ಷರ ಇಂದು ಸೊಟ್ಟಗಾದರೆ, ಮಾತು ತಡವರಿಸುವ ಮೊದಲೇ ಮೆದುಳು ಬಳಲುತ್ತಿರುವುದು ನಮಗೆ ತಿಳಿಯುತ್ತದೆ. ಕಾಪಿ ಪುಸ್ತಕ ಬರೆಸುತ್ತಿದ್ದ ನಮ್ಮ ಮಾಸ್ತರರನ್ನು ನಾನು ವಾರ್ಡಿನಲ್ಲಿ ಎಷ್ಟೋ ಬಾರಿ ನೆನೆದಿದ್ದೇನೆ.

ಎಮಿಲಿಯ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆಕೆಯ ಬಗ್ಗೆ 2013ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನದಲ್ಲಿ ಇನ್ನೊಂದು ಮಗುವಿನ ವೃತ್ತಾಂತವೂ ಇದೆ. ಆ ಮಗುವಿನಲ್ಲೂ ಕಣಗಳು ಬೆಳೆದವು, ರೋಗ ಮಾಯವಾಯಿತು. ಸುಮಾರು ಎರಡು ತಿಂಗಳ ಬಳಿಕ ರೋಗ ಮರಳಿತು. ಮರಳಿದ ಕಣಗಳ ಮೈಮೇಲೆ ಸಿಡಿ19 ಇರಲಿಲ್ಲ. ಗುರುತಿನ ಅಂಗಿಯನ್ನೇ ಕಳಚಿ ಬಂದ ಶತ್ರುವಿನ ಎದುರು, ಅಂಗಿಯನ್ನು ಮಾತ್ರ ಗುರುತಿಸಬಲ್ಲ ಕಾವಲುಗಾರ ನಿಷ್ಪ್ರಯೋಜಕ. ಇನ್ನು ಕೆಲವರಲ್ಲಿ ಇದಕ್ಕೆ ವಿರುದ್ಧವಾಗುತ್ತದೆ: ಶತ್ರು ಅದೇ ಅಂಗಿಯಲ್ಲಿ ಬರುತ್ತಾನೆ, ಆದರೆ ಕಾವಲುಗಾರರೇ ಸತ್ತು ಮುಗಿದಿರುತ್ತಾರೆ. ಇವೆರಡನ್ನೂ ಬೇರ್ಪಡಿಸಲು ಒಂದು ಸುಲಭ ಸೂಚನೆಯಿದೆ. ರಕ್ತದಲ್ಲಿ ಆರೋಗ್ಯವಂತ ಬಿ ಕಣಗಳು ಇಲ್ಲದಿರುವವರೆಗೆ ನಮ್ಮ ಕಣಗಳು ಕಾವಲಿನಲ್ಲಿವೆ ಎಂದರ್ಥ. ಅವು ಬೇಗನೆ ಮರಳಿ ಕಾಣಿಸಿಕೊಂಡರೆ ಕಾವಲು ಸಡಿಲಿದೆ. ಒಳ್ಳೆಯ ಕಣಗಳು ಹಿಂದಿರುಗಿದುದನ್ನು ಕಂಡು ವೈದ್ಯರು ಆತಂಕಪಡುವುದು ತಾಯ್ತಂದೆಯರಿಗೆ ಎಷ್ಟು ವಿಚಿತ್ರವೆನಿಸುತ್ತದೆಂಬುದನ್ನು ನಾನು ಬಲ್ಲೆ.

2018ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಪ್ರಯೋಗದ ವರದಿಯಂತೆ 92 ಮಕ್ಕಳು ಹಾಗೂ ಯುವಜನರು ಸೇರ್ಪಡೆಯಾಗಿದ್ದರು. ಕಣಗಳನ್ನು ಪಡೆದವರು 75 ಮಂದಿ. ಉಳಿದವರಲ್ಲಿ ಕೆಲವರಿಗೆ ಕಣ ತಯಾರಿಸಲಾಗಲಿಲ್ಲ, ಕೆಲವರು ಕಾಯುತ್ತಿರುವಾಗಲೇ ತೀರಿಕೊಂಡರು. ಪಡೆದವರಲ್ಲಿ ಶೇಕಡಾ 81 ಮಂದಿಯಲ್ಲಿ ಮೂರು ತಿಂಗಳೊಳಗೆ ರೋಗ ಕಾಣದಾಯಿತು. ಬೇರೆಲ್ಲ ಚಿಕಿತ್ಸೆ ಸೋತವರಲ್ಲಿ ಇದು ದೊಡ್ಡ ಫಲ. ಆದರೆ ಹಾಗೆ ಗುಣವಾದವರಲ್ಲೂ ಹಲವರಿಗೆ ವರ್ಷದೊಳಗೆ ರೋಗ ಮರಳಿತು.

ಪೋಷಕರಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಕ್ಕಳ ಈ ಲ್ಯುಕೇಮಿಯಾದಲ್ಲಿ ಬಹುಪಾಲು ಮಕ್ಕಳು ಎರಡು ಮೂರು ವರ್ಷಗಳ ಸಾಮಾನ್ಯ ಕೀಮೋಥೆರಪಿಯಿಂದಲೇ ಗುಣವಾಗುತ್ತಾರೆ. ನಾನು ಹೇಳಿದ ಚಿಕಿತ್ಸೆ ಅದಕ್ಕೆ ಬದಲಿಯಲ್ಲ. ಅದು ಸೋತಾಗ ಬರುವುದು. ಹೊಸದು ಬಂದಿದೆಯೆಂದು ಕೇಳಿ ಹಳೆಯದನ್ನು ನಡುವೆ ನಿಲ್ಲಿಸಿದ ಕುಟುಂಬವೊಂದನ್ನು ನಾನು ಕಂಡಿದ್ದೇನೆ. ಹೆಚ್ಚು ಹೇಳಲಾರೆ.

ವೆಚ್ಚದ ಮಾತು ಉಳಿಯಿತು. 2017ರಲ್ಲಿ ಅಮೆರಿಕ ಅನುಮೋದಿಸಿದ ಔಷಧದ ಬೆಲೆ ಆಗ 4,75,000 ಡಾಲರ್ ಇತ್ತು. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಔಷಧಕ್ಕೆ 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಅನುಮೋದನೆ ದೊರೆಯಿತು. ಆಗ ಅದರ ಬೆಲೆ ಸುಮಾರು 40 ಲಕ್ಷ ರೂಪಾಯಿ ಇತ್ತು, ಅಂದರೆ ಅಲ್ಲಿನ ಆ ಬೆಲೆಯ ಹತ್ತನೆಯ ಒಂದು ಭಾಗದ ಹತ್ತಿರ. ಈ ಸಭೆಯಲ್ಲಿರುವ ಬಹುತೇಕರಿಗೆ ಅದೂ ಮನೆ, ತೋಟ ಮಾರುವ ಮೊತ್ತವೇ. ಮೇಲಾಗಿ ಆ ಅನುಮೋದನೆ ದೊರೆತದ್ದು 15 ವರ್ಷ ತುಂಬಿದವರಿಗೆ. ಎಮಿಲಿಯ ವಯಸ್ಸಿನ ಮಗುವಿಗೆ ಅದು ಅನ್ವಯಿಸುತ್ತಿರಲಿಲ್ಲ.

ಪ್ರಶ್ನೆ ಕಳುಹಿಸಿದ ಪೋಷಕರು ಸಭೆಯಲ್ಲಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ಏಳನೆಯ ತರಗತಿಯ ಕೋಣೆಯ ಬಳಿ ನನ್ನನ್ನು ಕಾಣಬಹುದು. ವರದಿಗಳೇನಾದರೂ ಇದ್ದರೆ ಜೊತೆಗೆ ತನ್ನಿ.